ಗೀತಾ ಕಂಠಪಾಠಕ್ಕೆ ಅಂಕ ಕೊಡುವುದು ಹೇಗೆ? ತೀರ್ಪುಗಾರರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಶಾಲಾ ಮಕ್ಕಳ ಗೀತಾ ಕಂಠಪಾಠಕ್ಕೆ ಹಲವು ವರ್ಷ ತೀರ್ಪುಗಾರನಾಗಿ ಕೂತಿದ್ದೇನೆ. ಫಲಿತಾಂಶ ಹೇಳಿದ ಮೇಲೆ ತಾಯಂದಿರು ಕೇಳುವ ಪ್ರಶ್ನೆ ಒಂದೇ: "ನಮ್ಮ ಹುಡುಗಿ ಎಲ್ಲಿ ತಪ್ಪಿದ್ಲು ಹೇಳ್ರಿ ಸಾರ್." ಮೊದಲ ವರ್ಷಗಳಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಳೆಯ ಮೇಲೆ ಬರೀ ಒಂದು ಸಂಖ್ಯೆ ಇರುತ್ತಿತ್ತು. ಈಗ ನಾವು ಕೆಲವರು ಬಳಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ 15ನೇ ಅಧ್ಯಾಯದವು. ಅದರಲ್ಲಿ 20 ಶ್ಲೋಕಗಳಷ್ಟೇ ಇರುವುದರಿಂದ ಮಕ್ಕಳಿಗೆ ಹೆಚ್ಚಾಗಿ ಅದನ್ನೇ ಕಲಿಸುತ್ತಾರೆ.

ಅಂಕಗಳನ್ನು ಹೇಗೆ ಹಂಚುತ್ತೀರಿ?

ಒಟ್ಟು 50. ಪಾಠಶುದ್ಧಿಗೆ 15, ಅಕ್ಷರಶುದ್ಧಿಗೆ 15, ಯತಿ ಮತ್ತು ಲಯಕ್ಕೆ 5, ಅರ್ಥಕ್ಕೆ 15. ಪಾಠಶುದ್ಧಿ ಎಂದರೆ ಶ್ಲೋಕ ಇದ್ದ ಹಾಗೆ, ಇದ್ದ ಕ್ರಮದಲ್ಲಿ, ಪದ ಬಿಡದೆ ಬರುವುದು. ಅಕ್ಷರಶುದ್ಧಿ ಎಂದರೆ ಪ್ರತಿ ಅಕ್ಷರವೂ ತನ್ನ ಸ್ಥಾನದಿಂದ, ತನ್ನ ಮಾತ್ರೆಯಲ್ಲಿ ಹೊರಡುವುದು. ಯತಿ ಎಂದರೆ ಉಸಿರು ನಿಲ್ಲುವ ಜಾಗ.

ಈ ಸಂಖ್ಯೆಗಳೇ ಆಗಬೇಕೆಂದಿಲ್ಲ, ನಿಮ್ಮ ಊರಲ್ಲಿ ಬೇರೆ ಇಟ್ಟುಕೊಳ್ಳಿ. ಆದರೆ ಎರಡು ನಿಯಮಗಳನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಪ್ರತಿ ಮಗುವೂ ಪೂರ್ಣ ಅಂಕದಿಂದ ಶುರುವಾಗಬೇಕು, ಎಣಿಸಿದ ತಪ್ಪಿಗಷ್ಟೇ ಕಳೆಯಬೇಕು. ಒಂದು ತಪ್ಪಿಗೆ ಒಂದೇ ಕಡೆ ಕಳೆಯಬೇಕು. ಪದ ಬಿಟ್ಟುಹೋದದ್ದಕ್ಕೆ ಪಾಠಶುದ್ಧಿಯಲ್ಲಿ ಕಳೆದು, ಲಯ ಕೆಟ್ಟಿತೆಂದು ಅಲ್ಲೂ ಕಳೆದು, "ಅರ್ಥ ಗೊತ್ತಿಲ್ಲ, ಅದಕ್ಕೇ ಬಿಟ್ಟಳು" ಎಂದು ಮೂರನೆಯ ಕಡೆಯೂ ಕಳೆದರೆ ಒಂದು ಎಡವಟ್ಟಿಗೆ ಮೂರು ಶಿಕ್ಷೆಯಾಗುತ್ತದೆ. ಇಬ್ಬರು ತೀರ್ಪುಗಾರರ ನಡುವೆ ಹತ್ತು ಹನ್ನೆರಡು ಅಂಕದ ಅಂತರ ಬಂದಾಗ ಹೆಚ್ಚಾಗಿ ಇದೇ ಕಾರಣ.

ರಾಗ, ಕಂಠ, ವೇಷಕ್ಕೆ ಅಂಕ ಇಲ್ಲವೇ?

ಇಲ್ಲ. ಗೀತೆಗೆ ವೇದಮಂತ್ರದ ಹಾಗೆ ಉದಾತ್ತ, ಅನುದಾತ್ತ, ಸ್ವರಿತಗಳ ಕಟ್ಟು ಇಲ್ಲ. ಮಗು ಯಾವ ಧಾಟಿಯಲ್ಲಿ ಕಲಿತಿದೆಯೋ ಅದು ಸರಿ. ಸಂಗೀತ ಪಾಠಕ್ಕೆ ಹೋಗುವ ಮಗು ಚೆಂದವಾಗಿ ಹಾಡಿದಾಗ ನಮ್ಮ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತದೆ, ಅದನ್ನು ತಡೆಯಬೇಕು. ಉಚ್ಚಾರಣಾಶಾಸ್ತ್ರದ ಪಾಣಿನೀಯ ಶಿಕ್ಷೆಯಲ್ಲಿ ಆರು ಬಗೆಯ ಅಧಮ ಪಾಠಕರ ಪಟ್ಟಿ ಇದೆ: ಹಾಡಿಕೊಂಡು ಓದುವವನು, ಅವಸರದಲ್ಲಿ ಓದುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಸಾಲದವನು. ಹಾಡುವವನು ಮೊದಲೇ ಇದ್ದಾನೆ, ಅರ್ಥ ತಿಳಿಯದವನೂ ಅದೇ ಸಾಲಿನಲ್ಲಿದ್ದಾನೆ. ರಾಗಕ್ಕೆ 10, ಅರ್ಥಕ್ಕೆ 5 ಎಂದು ಬರೆದಿರುವ ಅಂಕಪಟ್ಟಿಗಳು ಇದನ್ನು ತಲೆಕೆಳಗು ಮಾಡುತ್ತವೆ.

ರಾಗ ಎಳೆಯುವಾಗ ಹ್ರಸ್ವ ದೀರ್ಘವಾದರೆ ಅದು ಅಕ್ಷರಶುದ್ಧಿಯ ತಪ್ಪು. ಅಲ್ಲಿ ಕಳೆಯಿರಿ.

ನಮ್ಮ ಕಡೆ ಮಕ್ಕಳಿಗೆ ಶ, ಷ, ಸ ಒಂದೇ ಆಗಿ ಬರುತ್ತದೆ, ಮಹಾಪ್ರಾಣ ನಿಲ್ಲುವುದಿಲ್ಲ. ಎಷ್ಟು ಕಳೆಯಬೇಕು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದನ್ನು ಸರಿಮಾಡಿಕೊಳ್ಳಲು ನನಗೂ ಬಹಳ ಕಾಲ ಬೇಕಾಯಿತು.

ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಬಹುಮಟ್ಟಿಗೆ ಇಲ್ಲ. "ಭಾರತ" ಎಂದು ಬರೆದು "ಬಾರತ" ಎನ್ನುತ್ತೇವೆ. ಜಗಳೂರಿನ ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಮೊಳಕಾಲ್ಮೂರಿನ ಮಗುವಿನದು ತೆಲುಗು ಇರಬಹುದು. ಉರ್ದು ಮನೆಮಾತಿನ ಮಗುವಿಗೆ ಖ, ಘ, ಭ ಸಲೀಸಾಗಿ ಬರುತ್ತವೆ, ಇನ್ನೇನೋ ಕಷ್ಟವಾಗುತ್ತದೆ. ಪ್ರತಿ "ಶ"ಕ್ಕೂ ಒಂದೊಂದು ಅಂಕ ಕಳೆಯುತ್ತಾ ಹೋದರೆ ನಾವು ಅಳೆಯುವುದು ಮಗು ಯಾವ ಮನೆಯಲ್ಲಿ ಹುಟ್ಟಿತು ಎಂಬುದನ್ನು. ಹಾಗಂತ ಸುಮ್ಮನೆ ಬಿಟ್ಟರೆ, ದಿನವೂ ಕೂತು ಆ ಅಕ್ಷರಗಳನ್ನು ತಿದ್ದಿಕೊಂಡ ಮಗುವಿಗೆ ಅನ್ಯಾಯವಾಗುತ್ತದೆ.

ಆದ್ದರಿಂದ ತಪ್ಪನ್ನು ಬಗೆಯ ಲೆಕ್ಕದಲ್ಲಿ ಹಿಡಿಯುತ್ತೇವೆ. ಶ-ಷ-ಸ ಬೆರಕೆ ಒಂದು ಬಗೆ, ಮಹಾಪ್ರಾಣ ಬಿಡುವುದು ಇನ್ನೊಂದು. ಒಂದು ಬಗೆಯ ತಪ್ಪು ಅಲ್ಲೊಂದು ಇಲ್ಲೊಂದು ಬಂದರೆ 1 ಅಂಕ, ಪಾಠದುದ್ದಕ್ಕೂ ಬಂದರೆ 2. ಅದಕ್ಕಿಂತ ಹೆಚ್ಚು ಕಳೆಯುವುದಿಲ್ಲ, ಅದು ಮೂವತ್ತು ಸಲ ಬಂದರೂ ಅಷ್ಟೇ.

ಈ ಬಗೆಗಳ ಹೊರಗೆ, ಒಂದು ಪದವನ್ನು ಇನ್ನೊಂದು ಪದವನ್ನಾಗಿ ಮಾಡುವ ತಪ್ಪುಗಳನ್ನು ಒಂದೊಂದಾಗಿ ಎಣಿಸುತ್ತೇವೆ, ಒಂದಕ್ಕೆ 1 ಅಂಕ. 3ನೇ ಶ್ಲೋಕದ "ಅಸಂಗಶಸ್ತ್ರೇಣ" ಎಂಬುದನ್ನು ಎಷ್ಟೋ ಮಕ್ಕಳು "ಅಸಂಗಶಾಸ್ತ್ರೇಣ" ಎನ್ನುತ್ತಾರೆ. ಶಾಸ್ತ್ರ ಎಂಬ ಪದ ಮನೆಯಲ್ಲಿ ಕೇಳಿ ಗೊತ್ತು, ನಾಲಗೆ ಅತ್ತ ಜಾರುತ್ತದೆ. ಆದರೆ ಅಲ್ಲಿ ಇರುವುದು ಆಯುಧ, ಬೇರು ಮೇಲಿರುವ ಸಂಸಾರವೆಂಬ ಅಶ್ವತ್ಥ ಮರವನ್ನು ಕಡಿಯುವ ಅಂಟಿಲ್ಲದಿರುವಿಕೆಯ ಶಸ್ತ್ರ. ಒಂದು ದೀರ್ಘ ಸೇರಿ ಆಯುಧ ಹೋಗಿ ಗ್ರಂಥ ಬಂತು.

ವಿಸರ್ಗ, ಋ, ಜ್ಞ ಇವುಗಳನ್ನು ಒಬ್ಬೊಬ್ಬ ಗುರುಗಳು ಒಂದೊಂದು ಥರ ಹೇಳಿಕೊಡುತ್ತಾರೆ. ಯಾವುದು ಸರಿ?

ಪರಂಪರೆಯಲ್ಲಿ ಎರಡೂ ಇದ್ದರೆ ಎರಡಕ್ಕೂ ಪೂರ್ಣ ಅಂಕ. "ಅಧಃಶಾಖಮ್" ಎಂದರೂ ಸರಿ, "ಅಧಶ್ಶಾಖಮ್" ಎಂದರೂ ಸರಿ, ವ್ಯಾಕರಣವೇ ಎರಡಕ್ಕೂ ಒಪ್ಪುತ್ತದೆ. "ತತಃ ಪದಂ" ಎಂಬಲ್ಲಿ ವಿಸರ್ಗ ಸ್ವಲ್ಪ "ಫ"ದ ಗಾಳಿಯಂತೆ ಬಂದರೆ ಅದು ಉಪಧ್ಮಾನೀಯ, ಕಲಿತು ಹೇಳಿದ್ದು. ಸಾಲಿನ ಕೊನೆಯ "ಪಾವಕಃ" ಎಂಬುದು "ಪಾವಕಹ" ಎಂದು ಕೇಳಿಸಿದರೆ ಸರಿ, "ಪಾವಕಾ" ಆದರೆ ತಪ್ಪು. "ಹೃದಿ" ಎಂಬುದು ಕನ್ನಡದ ಬಾಯಲ್ಲಿ "ಹ್ರುದಿ"ಗೆ ಹತ್ತಿರ, ಉತ್ತರದವರಲ್ಲಿ "ಹ್ರಿದಿ". ಇವಕ್ಕೆ ಕಳೆಯಬೇಡಿ. "ಜ್ಞಾನ"ವೂ ಹಾಗೆಯೇ.

ನಾನೊಮ್ಮೆ ಜ್ಞಕ್ಕೆ ಒಬ್ಬ ಹುಡುಗನಿಂದ ಅಂಕ ಕಳೆದಿದ್ದೆ. ನನ್ನ ಗುರುಗಳು ಹೇಳಿಕೊಟ್ಟ ರೀತಿಯೇ ಶಾಸ್ತ್ರ ಎಂದು ನಂಬಿದ್ದೆ. ಆ ಹುಡುಗ ತನ್ನ ಗುರುವಿಗೆ ನಿಷ್ಠನಾಗಿದ್ದ ಎಂಬುದು ನನಗೆ ಹೊಳೆದದ್ದು ತಡವಾಗಿ.

ಪಾಠಭೇದಕ್ಕೂ ಇದೇ ಮಾತು. 13ನೇ ಅಧ್ಯಾಯ ಕೆಲವು ಪುಸ್ತಕಗಳಲ್ಲಿ ಅರ್ಜುನನ ಪ್ರಶ್ನೆಯಿಂದ ಶುರುವಾಗಿ 35 ಶ್ಲೋಕವಾಗುತ್ತದೆ, ಕೆಲವದರಲ್ಲಿ ಆ ಶ್ಲೋಕ ಇಲ್ಲದೆ 34. ಯಾವ ಪುಸ್ತಕ ಎಂದು ಸೂಚನಾಪತ್ರದಲ್ಲಿ ಮೊದಲೇ ಬರೆದಿರದಿದ್ದರೆ ತೀರ್ಪುಗಾರನಿಗೆ ಕಳೆಯುವ ಹಕ್ಕಿಲ್ಲ.

ಮಗು ಮರೆತು ನಿಂತರೆ ಎಷ್ಟು ಹೊತ್ತು ಕಾಯಬೇಕು?

ಮನಸ್ಸಿನಲ್ಲೇ ನಿಧಾನವಾಗಿ ಐದು ಎಣಿಸಿ. ಆಮೇಲೆ ಮುಂದಿನ ಒಂದು ಪದ ಮಾತ್ರ ಹೇಳಿ, 1 ಅಂಕ ಕಳೆಯಿರಿ. ತಾನೇ ತಪ್ಪಿ ತಾನೇ ತಕ್ಷಣ ತಿದ್ದಿಕೊಂಡರೆ ಏನೂ ಕಳೆಯಬಾರದು. ಅರ್ಥ ತಿರುಗದ ಹಾಗೆ ಒಂದೆರಡು ಅಕ್ಷರ ಬಿಟ್ಟುಹೋದರೆ 1, ಒಂದು ಪಾದವೇ ಬಿಟ್ಟುಹೋದರೆ 2, ಇಡೀ ಶ್ಲೋಕಕ್ಕೆ 3. ಅರ್ಥವನ್ನೇ ತಿರುಗಿಸುವ ಬಿಡಿ ಪದ ಹೋದರೆ ಅದಕ್ಕೂ 2.

ಈ ಕೊನೆಯದಕ್ಕೆ 6ನೇ ಶ್ಲೋಕವೇ ಸಾಕ್ಷಿ. "ಯದ್ಗತ್ವಾ ನ ನಿವರ್ತಂತೇ." ಎಲ್ಲಿಗೆ ಹೋದ ಮೇಲೆ ತಿರುಗಿ ಬರುವುದಿಲ್ಲವೋ ಅದು ನನ್ನ ಧಾಮ. ಇಲ್ಲಿ "ನ ನಿ" ಎಂದು ನಕಾರ ಎರಡು ಸಲ ಬರುವುದರಿಂದ ಅವಸರದಲ್ಲಿ ಒಂದು ನುಂಗಿಹೋಗುತ್ತದೆ. "ಯದ್ಗತ್ವಾ ನಿವರ್ತಂತೇ" ಎಂದರೆ ಹೋದವರು ತಿರುಗಿ ಬರುತ್ತಾರೆ ಎಂದಾಯಿತು. ಇದು ಕಿವಿಗೆ ಸುಲಭಕ್ಕೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ: ಅನುಷ್ಟುಪ್ ಛಂದಸ್ಸಿನ ಪಾದಕ್ಕೆ 8 ಅಕ್ಷರ, ಎಣಿಸಿದರೆ ಇಲ್ಲಿ 7 ಬರುತ್ತದೆ. ಅನುಮಾನ ಬಂದ ಪಾದವನ್ನು ನಾನು ಮೇಜಿನ ಕೆಳಗೆ ಬೆರಳಲ್ಲಿ ಎಣಿಸುತ್ತೇನೆ.

ಇದೇ ಮಾತು 4ನೇ ಶ್ಲೋಕದಲ್ಲಿ "ನ ನಿವರ್ತಂತಿ ಭೂಯಃ" ಎಂದು ಬರುತ್ತದೆ. ಒಂದರಲ್ಲಿ "ತಿ", ಇನ್ನೊಂದರಲ್ಲಿ "ತೇ". ಮಕ್ಕಳು ಇಲ್ಲಿ ಹಳಿ ತಪ್ಪಿ 4ರಿಂದ ನೇರ 6ರ ಕೊನೆಗೆ ಹಾರುವುದುಂಟು. ಹಾಗಾದರೆ ನಡುವೆ ಬಿಟ್ಟದ್ದಕ್ಕೆ ಮಾತ್ರ ಕಳೆಯಿರಿ, ಮಗು ಹಿಂದಿರುಗಿ ಹೇಳಲು ಒಂದು ಅವಕಾಶ ಕೊಟ್ಟ ಮೇಲೆ.

ಉಸಿರು ತೆಗೆದುಕೊಳ್ಳುವ ಜಾಗಕ್ಕೂ ಅಂಕವೇ?

5 ಮಾತ್ರ, ಆದರೆ ಬೇಕು. 3ನೇ ಶ್ಲೋಕದ ಉತ್ತರಾರ್ಧವನ್ನು ಪುಸ್ತಕಗಳಲ್ಲಿ ಎರಡು ಸಾಲಾಗಿ ಒಡೆದು ಮೊದಲ ಸಾಲಿನ ಕೊನೆಗೆ "ಸುವಿರೂಢಮೂಲ", ಎರಡನೆಯದರ ಮೊದಲಿಗೆ "ಮಸಂಗಶಸ್ತ್ರೇಣ" ಎಂದು ಅಚ್ಚುಹಾಕುವುದುಂಟು. ಮಗು ಪುಸ್ತಕ ನೋಡಿ ಕಲಿತಿದ್ದರೆ ಹಾಗೇ ನಿಲ್ಲಿಸಿ "ಮಸಂಗ" ಎನ್ನುತ್ತದೆ. ನಿಲ್ಲುವುದಾದರೆ "ಮೂಲಮ್" ಎಂದು ನಿಂತು "ಅಸಂಗ" ಎಂದು ಎತ್ತಬೇಕು. ಉಸಿರು ಸಾಲದ ಚಿಕ್ಕ ಮಗು ಪಾದದ ಕೊನೆಗೆ ನಿಂತರೆ ಅದು ತಪ್ಪಲ್ಲ. ಪದದ ನಡುವೆ ಕಡಿದರೆ ತಪ್ಪು.

ಚೀಟಿ ಎತ್ತಿಸಿ ಶ್ಲೋಕ ಕೊಡುವುದು ನ್ಯಾಯವೇ?

ಈ ಅಧ್ಯಾಯದಲ್ಲಿ ನ್ಯಾಯವಲ್ಲ, ಸುಮ್ಮನೆ ಎತ್ತಿಸಿದರೆ. 2, 3, 4, 5 ಮತ್ತು 15ನೇ ಶ್ಲೋಕಗಳು ಪಾದಕ್ಕೆ 11 ಅಕ್ಷರದ ತ್ರಿಷ್ಟುಪ್ಪುಗಳು, ಉಳಿದವು ಅನುಷ್ಟುಪ್. ಒಬ್ಬನಿಗೆ 1ರಿಂದ 6 ಬಂದರೆ ನಾಲ್ಕು ಉದ್ದದ ಶ್ಲೋಕ ಸಿಕ್ಕವು, ಇನ್ನೊಬ್ಬನಿಗೆ 6ರಿಂದ 11 ಬಂದರೆ ಒಂದೂ ಇಲ್ಲ. ಚಿಕ್ಕವರ ವಿಭಾಗದಲ್ಲಿ ನಾವು ಎಲ್ಲರಿಗೂ ಒಂದೇ ಆರು ಶ್ಲೋಕ ಕೊಡುತ್ತೇವೆ. ದೊಡ್ಡವರಿಗೆ ಎರಡು ಡಬ್ಬಿ ಇಡುತ್ತೇವೆ, ಉದ್ದದವು ಒಂದರಲ್ಲಿ, ಗಿಡ್ಡವು ಇನ್ನೊಂದರಲ್ಲಿ. ಪ್ರತಿಯೊಬ್ಬರೂ ಮೊದಲನೆಯದರಿಂದ ಎರಡು, ಎರಡನೆಯದರಿಂದ ನಾಲ್ಕು ಎತ್ತುತ್ತಾರೆ.

ಬೆರಳೆಣಿಕೆಯ ತೀರ್ಪುಗಾರರಿಗೆ ಒಂದು ಎಚ್ಚರಿಕೆ: 3ನೇ ಶ್ಲೋಕದ ಮೊದಲ ಪಾದ "ನ ರೂಪಮಸ್ಯೇಹ ತಥೋಪಲಭ್ಯತೇ" ಎಂಬುದರಲ್ಲಿ 12 ಅಕ್ಷರಗಳಿವೆ. ಪಾಠವೇ ಹಾಗಿದೆ. ಮಗು ಹೆಚ್ಚಿಗೆ ಸೇರಿಸಿಲ್ಲ.

ಅರ್ಥವನ್ನು ಹೇಗೆ ಪರೀಕ್ಷಿಸುತ್ತೀರಿ? ಅದನ್ನೂ ಬಾಯಿಪಾಠ ಮಾಡಿಕೊಂಡು ಬರುತ್ತಾರಲ್ಲ?

ಬರುತ್ತಾರೆ. "14ನೇ ಶ್ಲೋಕದ ತಾತ್ಪರ್ಯ ಹೇಳು" ಎಂದರೆ ಪುಸ್ತಕದ ಸಾಲು ಗಿಳಿಯಂತೆ ಬರುತ್ತದೆ. ಅದರ ಬದಲು ಆ ಸಾಲಿನಿಂದ ಒಂದು ಹೆಜ್ಜೆ ಹೊರಗಿನ ಪ್ರಶ್ನೆ ಕೇಳಬೇಕು. 14ನೇ ಶ್ಲೋಕದಲ್ಲಿ ವೈಶ್ವಾನರ ಅಗ್ನಿ ಪ್ರಾಣಿಗಳ ದೇಹದಲ್ಲಿದ್ದು "ಚತುರ್ವಿಧ" ಅನ್ನವನ್ನು ಪಚನ ಮಾಡುತ್ತದೆ. ಅಗಿದು ತಿನ್ನುವ ಭಕ್ಷ್ಯ, ಮೆತ್ತಗೆ ಉಣ್ಣುವ ಭೋಜ್ಯ, ನೆಕ್ಕುವ ಲೇಹ್ಯ, ಚೀಪುವ ಚೋಷ್ಯ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ನಾನು ಕೇಳುವುದು, "ನಿನ್ನೆ ನೀನು ತಿಂದದ್ದರಲ್ಲಿ ನಾಲ್ಕಕ್ಕೂ ಒಂದೊಂದು ಹೇಳು." ಒಬ್ಬ ಹುಡುಗ ಮಂಡಕ್ಕಿ, ಅನ್ನಸಾರು, ಜೇನುತುಪ್ಪ ಹೇಳಿ, ಚೀಪುವುದಕ್ಕೆ ಸ್ವಲ್ಪ ಯೋಚಿಸಿ "ಕಬ್ಬು, ಆದ್ರೆ ನಿನ್ನೆ ತಿಂದಿಲ್ಲ ಸಾರ್" ಎಂದ. ಆ ಉತ್ತರಕ್ಕೆ ಪೂರ್ಣ 5.

ಎರಡು ಶ್ಲೋಕಗಳನ್ನು ಎದುರುಬದುರು ಇಡುವುದು ಇನ್ನೊಂದು ದಾರಿ. 6ರಲ್ಲಿ ಸೂರ್ಯನೂ ಚಂದ್ರನೂ ಅಗ್ನಿಯೂ ಆ ಧಾಮವನ್ನು ಬೆಳಗಲಾರವು ಎಂದಿದೆ. 12ರಲ್ಲಿ ಸೂರ್ಯ, ಚಂದ್ರ, ಅಗ್ನಿಯ ತೇಜಸ್ಸು ನನ್ನದೇ ಎಂದಿದೆ. "ಎರಡೂ ಹೇಗೆ ಹೊಂದುತ್ತವೆ?" ಎಂದು ಹೈಸ್ಕೂಲು ಮಕ್ಕಳನ್ನು ಕೇಳಿದರೆ, "ಅವುಗಳ ಬೆಳಕು ಅವನಿಂದಲೇ ಬಂದದ್ದು, ಹಾಗಾಗಿ ಅವು ಅವನಿಗೆ ಬೆಳಕು ಕೊಡೋಕಾಗಲ್ಲ" ಎನ್ನುವವರು ಸಿಗುತ್ತಾರೆ. ಅದನ್ನು ಯಾವ ಪುಸ್ತಕದಿಂದಲೂ ಬಾಯಿಪಾಠ ಮಾಡಿರುವುದಿಲ್ಲ.

ಮೂರು ಪ್ರಶ್ನೆ, ಒಂದಕ್ಕೆ 5. ಪದದ ಅರ್ಥ ಮಾತ್ರ ಗೊತ್ತಿದ್ದರೆ 2, ವಾಕ್ಯದ ಭಾವ ಬಂದರೆ 4, ತನ್ನದೇ ಉದಾಹರಣೆ ಅಥವಾ ಕಾರಣ ಕೊಟ್ಟರೆ 5. ಭಾಷೆ ಮಗುವಿನ ಆಡುಮಾತೇ ಆಗಿರಲಿ. ಗ್ರಾಂಥಿಕ ಕನ್ನಡಕ್ಕೆ ಹೆಚ್ಚುವರಿ ಅಂಕ ಇಲ್ಲ. ಪ್ರಶ್ನೆಗಳು ಹೊರಗೆ ಸೋರದ ಹಾಗೆ ಈ ಭಾಗವನ್ನು ಪಕ್ಕದ ಕೋಣೆಯಲ್ಲಿ ನಡೆಸಿ, ಮುಗಿಸಿದವರು ಕಾಯುತ್ತಿರುವವರ ಸಾಲಿಗೆ ಮರಳದಂತೆ ನೋಡಿಕೊಳ್ಳಿ.

ಮನೆಯ ಸಂಪ್ರದಾಯದ ಅರ್ಥ ತೀರ್ಪುಗಾರರ ಸಂಪ್ರದಾಯಕ್ಕಿಂತ ಬೇರೆ ಇದ್ದರೆ?

16ನೇ ಶ್ಲೋಕದಲ್ಲಿ ಕ್ಷರ ಮತ್ತು ಅಕ್ಷರ ಎಂಬ ಇಬ್ಬರು ಪುರುಷರು ಬರುತ್ತಾರೆ. ಅಕ್ಷರ ಯಾರು? ಶಂಕರರ ಭಾಷ್ಯದಲ್ಲಿ ಅದು ಭಗವಂತನ ಮಾಯಾಶಕ್ತಿ, ರಾಮಾನುಜರಲ್ಲಿ ಮುಕ್ತರಾದ ಜೀವರು, ಮಧ್ವರಲ್ಲಿ ಲಕ್ಷ್ಮಿ. ಮೂರರಲ್ಲಿ ಯಾವುದನ್ನು ಹೇಳಿದರೂ ಪೂರ್ಣ ಅಂಕ. ಇಂಥ ಭಿನ್ನ ಉತ್ತರಗಳ ಪಟ್ಟಿಯನ್ನು ತೀರ್ಪುಗಾರರು ಮುಂಚೆಯೇ ಒಟ್ಟಿಗೆ ಕೂತು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ವೈಷ್ಣವ ಮನೆಯ ಮಗುವಿಗೆ ಅದ್ವೈತಿ ತೀರ್ಪುಗಾರ ಸೊನ್ನೆ ಹಾಕಿರುತ್ತಾನೆ, ತನಗೇ ಗೊತ್ತಿಲ್ಲದೆ. ಚಿಕ್ಕವರ ವಿಭಾಗದಲ್ಲಿ ಈ ಪ್ರಶ್ನೆಯನ್ನು ಕೇಳದೇ ಇರುವುದು ಒಳ್ಳೆಯದು.

ಒಂದು ಮಗುವಿನ ಲೆಕ್ಕವನ್ನು ಪೂರ್ತಿ ತೋರಿಸುತ್ತೀರಾ?

ಆರನೇ ತರಗತಿಯ ಒಬ್ಬಳು ಹುಡುಗಿ, 1ರಿಂದ 6. ಹಳೆಯ ರೀತಿಯಲ್ಲಿ, ಬರೀ ಕೇಳಿ, ನಮ್ಮಲ್ಲಿ ಒಬ್ಬರು 31 ಹಾಕಿದ್ದರು, ಇನ್ನೊಬ್ಬರು 44. ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಮತ್ತೆ ಹಾಕಿ, ಇಬ್ಬರೂ ಬೇರೆ ಬೇರೆ ಕೂತು ತಪ್ಪುಗಳನ್ನು ಎಣಿಸಿದೆವು.

ಪಾಠಶುದ್ಧಿ: 4ರಲ್ಲಿ "ನಿವರ್ತಂತೇ" ಎಂದು ತಕ್ಷಣ "ನಿವರ್ತಂತಿ" ಎಂದು ತಿದ್ದಿಕೊಂಡಳು, ಏನೂ ಕಳೆಯಲಿಲ್ಲ. 5ರಲ್ಲಿ ಒಂದು ಪದ ಹೇಳಿಕೊಡಬೇಕಾಯಿತು, 1. 6ರಲ್ಲಿ "ನ" ನುಂಗಿದಳು, 2. ಉಳಿದದ್ದು 12.

ಅಕ್ಷರಶುದ್ಧಿ: "ಅಶ್ವತ್ಥ" ಎಂಬುದು "ಅಸ್ವತ್ತ", "ಶಾಖಾ" ಎಂಬುದು "ಸಾಕಾ", "ಛಿತ್ತ್ವಾ" ಎಂಬುದು "ಚಿತ್ತ್ವಾ", "ತದ್ಧಾಮ" ಎಂಬುದು "ತದ್ದಾಮ". ಎಲ್ಲ ಎರಡೇ ಬಗೆ. ಉದ್ದಕ್ಕೂ ಬಂದದ್ದರಿಂದ ಬಗೆಗೆ 2ರಂತೆ 4. ಶಸ್ತ್ರದ ಜಾಗದಲ್ಲಿ ದೀರ್ಘ ಬಂದದ್ದಕ್ಕೆ 1. ಉಳಿದದ್ದು 10.

ಯತಿ: "ಮಸಂಗ" ಎಂದು ಎತ್ತಿದ್ದಕ್ಕೆ 1. ಉಳಿದದ್ದು 4.

ಅರ್ಥ: ಮರದ ಬೇರು ಏಕೆ ಮೇಲಿದೆ ಎಂದದ್ದಕ್ಕೆ ಭಾವ ಸರಿ ಹೇಳಿದಳು, 4. ಯಾವುದರಿಂದ ಕಡಿಯಬೇಕು ಎಂದರೆ, "ಕೊಡ್ಲಿ, ಕಬ್ಬಿಣದ್ದಲ್ಲ. ಯಾವುದಕ್ಕೂ ಅಂಟ್ಕೊಳ್ದೆ ಇರೋದೇ ಕೊಡ್ಲಿ" ಎಂದಳು, 5. ಅಲ್ಲಿಗೆ ಹೋದರೆ ಏನಾಗುತ್ತದೆ ಎಂದಾಗ "ಹೋದೋರು ವಾಪಸ್ ಬರಲ್ಲ" ಎಂದು ಕಾರಣವನ್ನೂ ಹೇಳಿದಳು, 5. ಪಠಿಸುವಾಗ "ನ" ನುಂಗಿದವಳೇ ಇವಳು. ನಾಲಗೆ ಜಾರಿತ್ತು, ಅರ್ಥ ಜಾರಿರಲಿಲ್ಲ. ಅದಕ್ಕೇ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಗೆ ಎಳೆಯಬಾರದು ಎನ್ನುವುದು. ಒಟ್ಟು 14.

12, 10, 4, 14 ಸೇರಿ 40. ಇನ್ನೊಬ್ಬರ ಎಣಿಕೆಯಲ್ಲಿ 39 ಬಂತು. ಅವರು ಯತಿಯಲ್ಲಿ ನಾನು ಕೇಳಿಸಿಕೊಳ್ಳದ ಒಂದು ಕಡಿತ ಹಿಡಿದಿದ್ದರು. ಮತ್ತೆ ಹಾಕಿ ಕೇಳಿದಾಗ ಅವರೇ ಸರಿ.

ತೊದಲುವ ಮಗು, ಮುಂದಿನ ಹಲ್ಲು ಬಿದ್ದ ಮಗು?

ತೊದಲಿನಿಂದ ಎರಡು ಸಲ ಬಂದ ಅಕ್ಷರಕ್ಕೆ ಕಳೆಯುವುದಿಲ್ಲ, ಐದರ ಎಣಿಕೆಯೂ ಅವರಿಗೆ ಅನ್ವಯಿಸುವುದಿಲ್ಲ. ಹಲ್ಲಿಲ್ಲದೆ ಸರಿಯಾಗಿ ಬಾರದ ಸಕಾರ, ತಕಾರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೋಷಕರು ಮೊದಲೇ ಒಂದು ಮಾತು ತಿಳಿಸಿದರೆ ಸಾಕು.

ಇದೇ ಹಾಳೆಯನ್ನು ವಚನ ಪಠಣಕ್ಕೆ ಬಳಸಬಹುದೇ?

ಹಾಗೇ ಬಳಸಬೇಡಿ. ನಮ್ಮ ಕಡೆ ವಚನ ಸ್ಪರ್ಧೆಗಳೂ ಹೆಚ್ಚು, ಈ ಬೇಡಿಕೆ ಬರುತ್ತಲೇ ಇರುತ್ತದೆ. ವಚನಕ್ಕೆ ಎಣಿಸಬಹುದಾದ ಪಾದ ಇಲ್ಲ, ಆದ್ದರಿಂದ ಬೆರಳೆಣಿಕೆ ಅಲ್ಲಿ ಕೆಲಸ ಮಾಡುವುದಿಲ್ಲ. ಕನ್ನಡವೇ ಆದದ್ದರಿಂದ ಅಕ್ಷರಶುದ್ಧಿಯ ಭಾರ ಕಡಿಮೆ ಮಾಡಿ ಅರ್ಥಕ್ಕೆ ಅರ್ಧದಷ್ಟಾದರೂ ಇಡಬೇಕು. ಅಂಕಿತ ತಪ್ಪುವುದು ಅಲ್ಲಿ ದೊಡ್ಡ ತಪ್ಪು: ಗುಹೇಶ್ವರ ಎಂಬಲ್ಲಿ ಕೂಡಲಸಂಗಮದೇವ ಎಂದರೆ ಅಲ್ಲಮನ ವಚನ ಬಸವಣ್ಣನದಾಗಿಬಿಡುತ್ತದೆ.

ತೀರ್ಪುಗಾರರ ನಡುವೆ ಅಂಕ ಹೊಂದದಿದ್ದರೆ ಸರಾಸರಿ ತೆಗೆದರೆ ಸಾಲದೇ?

3ರೊಳಗಿನ ಅಂತರಕ್ಕೆ ಸರಾಸರಿ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಮೊತ್ತ ಬಿಟ್ಟು ತಪ್ಪುಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ, ರೆಕಾರ್ಡ್ ಕೇಳಿ. ಸ್ಪರ್ಧೆಗೆ ಮೊದಲು, ಸ್ಪರ್ಧಿಸದ ಒಂದು ಮಗುವಿನ ಪಠಣಕ್ಕೆ ಎಲ್ಲರೂ ಅಂಕ ಹಾಕಿ ಹೋಲಿಸಿಕೊಂಡರೆ ಈ ಜಗಳವೇ ಕಡಿಮೆಯಾಗುತ್ತದೆ. ಹಾಗೆ ಮಾಡದಿದ್ದರೆ ಮೊದಲ ನಾಲ್ಕೈದು ಮಕ್ಕಳಿಗೆ ಬಿಗಿ, ಊಟದ ಹೊತ್ತಿನವರಿಗೆ ಸಡಿಲ ಆಗಿಯೇ ಆಗುತ್ತದೆ. ತಾನು ಕಲಿಸಿದ ಮಗು ಬಂದಾಗ ತೀರ್ಪುಗಾರ ಎದ್ದು ಹೊರಗೆ ಹೋಗಬೇಕು, ಉಳಿದಿಬ್ಬರ ಸರಾಸರಿ ಹಿಡಿಯಬೇಕು.

ಪೋಷಕರಿಗೆ ತಪ್ಪಿನ ಹಾಳೆ ತೋರಿಸುತ್ತೀರಾ?

ತೋರಿಸುತ್ತೇವೆ, ಮಗುವಿನ ಕೈಗೇ ಕೊಡುತ್ತೇವೆ. ಮೇಲೆ ಹೇಳಿದ ಹುಡುಗಿಯ ಹಾಳೆಯಲ್ಲಿ "ಶಸ್ತ್ರ, ಹ್ರಸ್ವ" ಎಂದೂ "6ರಲ್ಲಿ ಎರಡು ನ" ಎಂದೂ ಬರೆದಿತ್ತು. ಅವಳು ಅದನ್ನು ಓದಿ, ಅಲ್ಲೇ ವರಾಂಡದಲ್ಲಿ ನಿಂತು, "ಯದ್ಗತ್ವಾ ನ ನಿವರ್ತಂತೇ" ಎಂದು ಬೆರಳು ಮಡಿಸುತ್ತಾ ಎಂಟು ಎಣಿಸಿದಳು.